ಕಿಲ್ಲಾರಿ, ಭುಜ್ ಮತ್ತು ನಮ್ಮ ಮನೆ: ಭೂಕಂಪದ ಪಾಠಕ್ಕೆ ಪ್ರಶ್ನೆಗಳು

ಬಿ.ಎಸ್ಸಿ. ಎರಡನೇ ವರ್ಷ, ಭೂವಿಜ್ಞಾನ, ಕಲಬುರಗಿ

ಗುರುವಾರದ ಪಾಠಕ್ಕೆ ಮುಂಚೆ ಓದಿಕೊಂಡು ಬನ್ನಿ. 3 ಮತ್ತು 6ಕ್ಕೆ ಮಾತ್ರ ಉತ್ತರ ಬರೆದು ತನ್ನಿ. ಉಳಿದವು ತರಗತಿಯಲ್ಲಿ ಜಗಳ ಆಡೋಕೆ.

1. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರದ ಕಡೆ ಸರಿಯುತ್ತದೆ. ಅದರಲ್ಲಿ ಸುಮಾರು 2 ಸೆಂ.ಮೀ. ಚಲನೆಯ ಭಾರ ಹಿಮಾಲಯದ ಮೇಲೆ ಬೀಳುತ್ತದೆ. ಅಲ್ಲಿನ ಸ್ತರಭಂಗ 200 ವರ್ಷ ಜರುಗದೆ ಕಚ್ಚಿಕೊಂಡು ನಿಂತರೆ, ಎಷ್ಟು ಮೀಟರ್ ಜರುಗುವುದು ಬಾಕಿ ಉಳಿಯುತ್ತದೆ? ಲೆಕ್ಕ ಸುಲಭ. ಆದರೂ ಆ ಬಾಕಿ ನೋಡಿ ಭೂಕಂಪದ ದಿನ ಹೇಳಲು ಆಗುವುದಿಲ್ಲ. ಯಾಕೆ?

2. ರಿಕ್ಟರ್ ಅಂತ ಪೇಪರಿನಲ್ಲಿ ಬರುವ 5 ಮತ್ತು 7ರ ನಡುವೆ ಶಕ್ತಿಯ ವ್ಯತ್ಯಾಸ ಎಷ್ಟು ಪಟ್ಟು?

3. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ಪ್ರಮಾಣ 6.2. ಫಲಕದ ಅಂಚು ಅಲ್ಲಿಂದ ಬಹಳ ದೂರ. ಆಗಿನ ನಕ್ಷೆಯಲ್ಲಿ ಆ ಜಾಗ ವಲಯ 1ರಲ್ಲಿತ್ತು. ಅಂದರೆ ಅತಿ ಕಡಿಮೆ ಅಪಾಯದ್ದು!
ಅ) ಅಂಚಿನಲ್ಲಿ ನಡೆಯುವ ತಳ್ಳಾಟ ಫಲಕದ ನಡುವಿನ ಹಳೆಯ ಬಿರುಕನ್ನು ಹೇಗೆ ತಲುಪುತ್ತದೆ?
ಆ) ನಕ್ಷೆ ತಪ್ಪಿತ್ತಾ, ಅದನ್ನು ನಾವು ಓದಿದ ರೀತಿ ತಪ್ಪಾ? ಎರಡೂ ಸ್ವಲ್ಪ ಸ್ವಲ್ಪ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಕಾರಣ ಬರೆಯಿರಿ.
ಇ) 1967ರ ಕೊಯ್ನಾ ಭೂಕಂಪವನ್ನೂ ಇದೇ ಸಾಲಿಗೆ ಸೇರಿಸಬಹುದಾ? ಅಲ್ಲಿ ಜಲಾಶಯದ ನೀರಿನ ಪಾತ್ರ ಏನು?

4. 2002ರಲ್ಲಿ ವಲಯ 1 ಅನ್ನೇ ತೆಗೆದುಹಾಕಿದರು. ಉಳಿದದ್ದು 2ರಿಂದ 5. ಆ ನಕ್ಷೆಯಲ್ಲಿ ಕಲಬುರಗಿ ವಲಯ 2, ವಿಜಯಪುರ ವಲಯ 3. ಗೆರೆ ದಾಟಿದ ಕೂಡಲೇ ನೆಲ ಬದಲಾಗುತ್ತದಾ? ಈ ಎರಡು ವಲಯಗಳಿಗೆ ಕೊಟ್ಟಿರುವ 0.10 ಮತ್ತು 0.16 ಎಂಬ ಅಂಕಿಗಳನ್ನು ಎಂಜಿನಿಯರ್ ಎಲ್ಲಿ ಬಳಸುತ್ತಾರೆ?

5. 2001ರ ಜನವರಿ 26ರ ಭುಜ್ ಭೂಕಂಪಕ್ಕೆ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದ್‌ನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ನೆಲಮಹಡಿಯಲ್ಲಿ ಗೋಡೆ ಇಲ್ಲದೆ, ಪಾರ್ಕಿಂಗ್‌ಗೆ ಬರೀ ಕಂಬ ನಿಲ್ಲಿಸಿದರೆ ಏನಾಗುತ್ತದೆ? ಸಾಬರಮತಿಯ ಮೆಕ್ಕಲು ಮಣ್ಣಿನ ಪಾಲೆಷ್ಟು? ನಮ್ಮ ಊರಿನ ಹೊಸ ಅಪಾರ್ಟ್‌ಮೆಂಟ್‌ಗಳನ್ನು ಒಮ್ಮೆ ನೋಡಿಕೊಂಡು ಬನ್ನಿ.

6. ಕಿಲ್ಲಾರಿಯಲ್ಲಿ ಜನ ಸತ್ತದ್ದು ದಪ್ಪ ಕಲ್ಲು-ಮಣ್ಣಿನ ಗೋಡೆ, ಭಾರದ ಮಣ್ಣಿನ ಮಾಳಿಗೆ ಮೈಮೇಲೆ ಬಿದ್ದು. ನಮ್ಮ ಹಳ್ಳಿಗಳಲ್ಲೂ ಅಂಥ ಮನೆಗಳು ಇವೆ, ಅಲ್ವಾ? ನಿಮ್ಮ ಮನೆಯದೋ ಅಜ್ಜಿ ಮನೆಯದೋ ಒಂದು ಸುಮ್ನೆ ಚಿತ್ರ ಬರೆಯಿರಿ. ಗೋಡೆಯ ಎರಡೂ ಮುಖ ಹಿಡಿದಿಡುವ ಉದ್ದ ಕಲ್ಲು ಇದೆಯಾ? ಬಾಗಿಲ ಮೇಲೆ ಸುತ್ತಲೂ ಕಾಂಕ್ರೀಟ್ ಪಟ್ಟಿ ಇದೆಯಾ? ಆರ್‌ಸಿಸಿ ಮನೆಯಾದರೆ, ಕಂಬದ ರಿಂಗಿನ ತುದಿಯನ್ನು 90 ಡಿಗ್ರಿ ಬಿಟ್ಟು 135 ಡಿಗ್ರಿ ಒಳಕ್ಕೆ ಬಗ್ಗಿಸಬೇಕು ಅನ್ನುವುದೇಕೆ? ದುಡ್ಡು ಕಡಿಮೆ ಇದೆ, ಒಂದನ್ನೇ ಸರಿಮಾಡಬಹುದು ಅಂದರೆ ಯಾವುದನ್ನು ಆರಿಸುತ್ತೀರಿ?

7. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲ ಪದೇ ಪದೇ ನಡುಗಿತು. ಹೆದರಿದ ಜನ "ದೊಡ್ಡದು ಬರುತ್ತಾ ಸರ್?" ಅಂತ ಕೇಳಿದರೆ, ಸುಳ್ಳು ಧೈರ್ಯವನ್ನೂ ಹೇಳದೆ, ಹೆದರಿಸದೆ, ಎರಡು ನಿಮಿಷದಲ್ಲಿ ಏನು ಹೇಳುತ್ತೀರಿ?