ವಿಷಯ: ಮೈಸೂರು, ಮಂಡ್ಯ, ಕೊಡಗಿನ ಮದುವೆಗಳಿಗೆ ಸ್ಥಳೀಯ ಫೋಟೊ-ವಿಡಿಯೊ ತಂಡ, ನಿಮ್ಮ ಹೆಸರಿನಲ್ಲೇ ಕೆಲಸ

ನಮಸ್ಕಾರ,

ನಾನು ಹರೀಶ್, ಮೈಸೂರಿನಲ್ಲಿ ಮದುವೆ ಫೋಟೊಗ್ರಾಫರ್. ನನ್ನದು ಐದು ಜನರ ತಂಡ: ಇಬ್ಬರು ಕ್ಯಾಂಡಿಡ್, ಒಬ್ಬರು ಸಿನಿಮ್ಯಾಟಿಕ್ ವಿಡಿಯೊ, ಸಾಂಪ್ರದಾಯಿಕ ಫೋಟೊಗೆ ಒಬ್ಬರು, ಸಾಂಪ್ರದಾಯಿಕ ವಿಡಿಯೊಗೆ ಒಬ್ಬರು. ವೆಡ್ಡಿಂಗ್ ಪ್ಲಾನರ್ ಆಗಿ ನೀವು ಒಪ್ಪಿಕೊಂಡ ಮದುವೆಗಳಿಗೆ ನಿಮ್ಮ ತಂಡವಾಗಿ ಬಂದು ಶೂಟ್ ಮಾಡಿಕೊಡುವ ಸಬ್‌ಕಾಂಟ್ರಾಕ್ಟ್ ಕೆಲಸ ಕೇಳಿ ಈ ಮೇಲ್ ಬರೆಯುತ್ತಿದ್ದೇನೆ. ಒಂದೆರಡು ದಿನಕ್ಕಲ್ಲ, ನವೆಂಬರ್‌ನಿಂದ ಮೇ ತನಕದ ಇಡೀ ಸೀಸನ್‌ಗೆ.

ಧನುರ್ಮಾಸದಲ್ಲಿ ಮದುವೆಗಳಿಲ್ಲ, ಆಷಾಢದಲ್ಲೂ ಇಲ್ಲ. ಉಳಿದ ತಿಂಗಳುಗಳಲ್ಲಿ ಒಳ್ಳೆಯ ಲಗ್ನ ಬಿದ್ದ ದಿನ ಎಲ್ಲರಿಗೂ ಅದೇ ದಿನ ಬೇಕು. ಒಂದೇ ಭಾನುವಾರ ಮೂರು ಮದುವೆ ಇದ್ದಾಗ ಬೆಂಗಳೂರಿನ ತಂಡವನ್ನು 145 ಕಿಲೊಮೀಟರ್ ದೂರ ಕಳಿಸಿದರೆ ಗಾಡಿ ಬಾಡಿಗೆ, ಹಿಂದಿನ ರಾತ್ರಿಯ ರೂಮು, ಊಟ ಎಲ್ಲ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ಮೈಸೂರು ನಗರದೊಳಗಿನ ಛತ್ರಗಳಿಗೆ ನಾವು ಪ್ರಯಾಣ ವೆಚ್ಚ ಹಾಕುವುದಿಲ್ಲ. ಮಂಡ್ಯ, ಶ್ರೀರಂಗಪಟ್ಟಣಕ್ಕೆ ಒಂದು ಕಾರಿನ ಪೆಟ್ರೋಲ್ ಖರ್ಚು ಮಾತ್ರ. ಮಡಿಕೇರಿ ಸುಮಾರು 120 ಕಿಲೊಮೀಟರ್ ಆದ್ದರಿಂದ ಅಲ್ಲಿಗೆ ಹಿಂದಿನ ರಾತ್ರಿ ಎರಡು ರೂಮು ಬೇಕಾಗುತ್ತದೆ.

ಹೊರಗಿನ ಫೋಟೊಗ್ರಾಫರ್‌ನನ್ನು ಮಂಟಪಕ್ಕೆ ಕರೆಸಲು ಪ್ಲಾನರ್‌ಗಳು ಹಿಂಜರಿಯುವುದಕ್ಕೆ ಸರಿಯಾದ ಕಾರಣಗಳಿವೆ. ಆತ ವಧುವಿನ ತಂದೆಗೆ ತನ್ನ ಕಾರ್ಡ್ ಕೊಡುತ್ತಾನೆ. ಮುಂದಿನ ಮನೆಯ ಮದುವೆ ನೇರವಾಗಿ ಅವನ ಕೈಗೆ ಹೋಗುತ್ತದೆ. ಇಲ್ಲವೇ ಡೇಟಾ ಕೊಡಲು ತಿಂಗಳುಗಟ್ಟಲೆ ಸತಾಯಿಸುತ್ತಾನೆ. ಅದಕ್ಕೇ ಈ ನಿಯಮಗಳನ್ನು ಒಪ್ಪಂದದಲ್ಲೇ ಬರೆದುಕೊಡುತ್ತೇನೆ. ಮಂಟಪದಲ್ಲಿ ನಮ್ಮ ಕಾರ್ಡ್, ಲೋಗೊ ಇರುವ ಟಿ-ಶರ್ಟ್, ವಾಟರ್‌ಮಾರ್ಕ್ ಯಾವುದೂ ಇರುವುದಿಲ್ಲ. ಬಿಳಿ ಅಂಗಿ, ಕಪ್ಪು ಪ್ಯಾಂಟ್, ಅಷ್ಟೆ. ಅತಿಥಿ ಯಾರಾದರೂ ನಂಬರ್ ಕೇಳಿದರೆ ನಿಮ್ಮ ಕೋ-ಆರ್ಡಿನೇಟರ್ ನಂಬರ್ ಕೊಡುತ್ತೇವೆ. ನಿಮ್ಮ ಮೂಲಕ ಪರಿಚಯವಾದ ಕುಟುಂಬದ ಕೆಲಸವನ್ನು 24 ತಿಂಗಳು ನೇರವಾಗಿ ಒಪ್ಪಿಕೊಳ್ಳುವುದಿಲ್ಲ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದೇ ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಅದನ್ನು ಬದಲಿಸುವ ಷರತ್ತು ನನ್ನ ಕಡೆಯಿಂದ ಇಲ್ಲ. ನನ್ನ ಪೋರ್ಟ್‌ಫೋಲಿಯೊಗೆ ಒಂದು ಮದುವೆಯಿಂದ 10 ಫೋಟೊ ಸಾಕು, ಅದೂ 90 ದಿನ ಕಳೆದ ಮೇಲೆ, ನೀವು ಮತ್ತು ಕುಟುಂಬದವರು ಒಪ್ಪಿದರೆ ಮಾತ್ರ.

ಇನ್ನು ಡೇಟಾ. ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾಗಳನ್ನೇ ಬಳಸುತ್ತೇವೆ, ಫೋಟೊ ಏಕಕಾಲಕ್ಕೆ ಎರಡರಲ್ಲೂ ಬರೆಯಲ್ಪಡುತ್ತದೆ. ಒಬ್ಬ ಕ್ಯಾಂಡಿಡ್ ಫೋಟೊಗ್ರಾಫರ್ ದಿನಕ್ಕೆ ಸುಮಾರು 2,500 ರಾ ಫೈಲ್ ತೆಗೆದರೆ 100 ಜಿಬಿ ಹತ್ತಿರ ಬರುತ್ತದೆ. 100 ಎಂಬಿಪಿಎಸ್‌ನ 4ಕೆ ವಿಡಿಯೊಗೆ ಗಂಟೆಗೆ 45 ಜಿಬಿ. ಕೆಲಸ ಮುಗಿದ ರಾತ್ರಿಯೇ ಎಲ್ಲವನ್ನೂ ಎರಡು ಎಸ್‌ಎಸ್‌ಡಿಗೆ ಕಾಪಿ ಮಾಡಿ, ಚೆಕ್‌ಸಮ್ ತಾಳೆ ನೋಡಿ, ಒಂದನ್ನು ನಿಮ್ಮ ಕೋ-ಆರ್ಡಿನೇಟರ್ ಕೈಗೆ ಕೊಟ್ಟು ಹೊರಡುತ್ತೇವೆ. ಆದ್ದರಿಂದ 2 ಟಿಬಿಯ ಒಂದು ಡ್ರೈವ್ ನೀವು ಕಳಿಸಬೇಕು. ಇನ್ನೊಂದು ನಮ್ಮಲ್ಲಿ 60 ದಿನ ಇರುತ್ತದೆ. ತೆರೆದು ನೋಡಿದ್ದೀವಿ, ಸರಿಯಾಗಿದೆ ಎಂದು ನಿಮ್ಮ ಎಡಿಟರ್ ಹೇಳುವವರೆಗೆ ಕಾರ್ಡ್‌ಗಳನ್ನು ಫಾರ್ಮ್ಯಾಟ್ ಮಾಡುವುದಿಲ್ಲ. ಶೂಟ್‌ಗೆ ಮೊದಲು ಎಲ್ಲ ಕ್ಯಾಮೆರಾಗಳ ಗಡಿಯಾರವನ್ನೂ ಒಂದೇ ಫೋನಿನ ಸಮಯಕ್ಕೆ ಹೊಂದಿಸುತ್ತೇವೆ. ಐದು ಕ್ಯಾಮೆರಾದಲ್ಲಿ ಐದು ಸಮಯ ಇದ್ದರೆ ಮಾಂಗಲ್ಯಧಾರಣೆಯ ಫೋಟೊ ಜೀರಿಗೆ-ಬೆಲ್ಲಕ್ಕಿಂತ ಮೊದಲು ಬಂದು ಕೂರುತ್ತದೆ, ಅದನ್ನು ಬಿಡಿಸಲು ಎಡಿಟರ್‌ಗೆ ಒಂದು ದಿನ ಬೇಕು. ಫೋಲ್ಡರ್ ಹೆಸರು `1122_CAM-A_MUHURTHA` ಈ ಮಾದರಿಯಲ್ಲಿರುತ್ತದೆ: ತಿಂಗಳು-ದಿನ, ಕ್ಯಾಮೆರಾ, ಕಾರ್ಯ. ನಿಮ್ಮಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಅನುಸರಿಸುತ್ತೇವೆ.

ಒಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಧಾರೆ ಮುಹೂರ್ತಕ್ಕೆ ಒಬ್ಬನೇ ಕ್ಯಾಂಡಿಡ್ ಸಾಕು ಎಂದರೆ ಒಪ್ಪುವುದು ಕಷ್ಟ. ಅಂತರಪಟ ಸರಿದಾಗ ವಧು ವರರು ಎದುರುಬದುರು ನಿಂತಿರುತ್ತಾರೆ, ಒಬ್ಬ ಮನುಷ್ಯ ಇಬ್ಬರ ಮುಖವನ್ನೂ ಹಿಡಿಯಲಾರ, ಆ ನೋಟ ಮೂರು ನಾಲ್ಕು ಸೆಕೆಂಡ್‌ನಲ್ಲಿ ಮುಗಿದುಹೋಗುತ್ತದೆ. ಗಟ್ಟಿಮೇಳ ಶುರುವಾದೊಡನೆ ಸುತ್ತಲಿನವರೆಲ್ಲ ಎದ್ದು ನಿಲ್ಲುತ್ತಾರೆ, ಅಕ್ಷತೆ ಬೀಳುತ್ತದೆ, ಮುಂದಿನ ಸಾಲಿನಲ್ಲಿ ಹತ್ತು ಮೊಬೈಲ್ ಮೇಲೇಳುತ್ತವೆ. ಹಾಗಾಗಿ ಒಬ್ಬರು ವೇದಿಕೆಯ ಮೇಲೆ ಪುರೋಹಿತರ ಪಕ್ಕ 35 ಎಂಎಂ ಲೆನ್ಸ್ ಹಿಡಿದು ಕೂತಿರುತ್ತಾರೆ, ಇನ್ನೊಬ್ಬರು ಕೆಳಗೆ ಎರಡು ಮೆಟ್ಟಿಲಿನ ಸ್ಟೂಲ್ ಮೇಲೆ 70-200 ಇಟ್ಟುಕೊಂಡು ನಿಂತಿರುತ್ತಾರೆ. ಮುಹೂರ್ತಕ್ಕೆ 20 ನಿಮಿಷ ಮೊದಲೇ ಇಬ್ಬರೂ ಜಾಗದಲ್ಲಿರುತ್ತಾರೆ. ಪುರೋಹಿತರ ಜೊತೆ ಎರಡು ಮಾತು ಮುಂಚೆಯೇ ಆಡಿಕೊಂಡರೆ ತಾಳಿಯನ್ನು ಒಂದು ಗಳಿಗೆ ಎತ್ತಿ ಹಿಡಿಸುತ್ತಾರೆ. ಆ ಮಾತನ್ನು ನಾವೇ ಆಡುತ್ತೇವೆ.

ಕೊಡವ ಮದುವೆಯ ಲೆಕ್ಕ ಬೇರೆ. ಅಲ್ಲಿ ಪುರೋಹಿತರಿಲ್ಲ, ಧಾರೆ ಮುಹೂರ್ತದಂಥ ಒಂದೇ ಕ್ಷಣವೂ ಇಲ್ಲ. ಮುಕ್ಕಾಲಿಯ ಮೇಲೆ ಕೂತವರನ್ನು ಹಿರಿಯರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕೊಟ್ಟು ಹರಸುವ ಸಾಲು ಬಹಳ ಹೊತ್ತು ನಡೆಯುತ್ತದೆ. ಯಾರು ಅಜ್ಜ, ಯಾರು ಸೋದರಮಾವ ಎಂದು ಗೊತ್ತಿಲ್ಲದ ಫೋಟೊಗ್ರಾಫರ್ ಮೊದಲ ಹತ್ತು ಜನರಿಗೇ ದಣಿದು, ಮುಖ್ಯವಾದವರು ಬಂದಾಗ ಬ್ಯಾಟರಿ ಬದಲಿಸುತ್ತಿರುತ್ತಾನೆ. ಒಡಿಕತ್ತಿಯಿಂದ ಬಾಳೆ ಕಡಿಯುವಾಗ ಶಟರ್ 1/1000ಕ್ಕಿಂತ ಕೆಳಗಿದ್ದರೆ ಕತ್ತಿ ಬರೀ ಮಸುಕಾಗಿ ಬರುತ್ತದೆ. ಗಂಗಾಪೂಜೆಯಲ್ಲಿ ಕೊಡ ಹೊತ್ತ ವಧುವಿನ ದಾರಿಗೆ ಅಡ್ಡಲಾಗಿ ಕುಣಿಯುವುದು ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಯಾರೂ ಹೇಳಲಾರರು, ಅಷ್ಟರಲ್ಲಿ ಕತ್ತಲಾಗುತ್ತದೆ. ಆ ಹೊತ್ತಿಗೆ ಎರಡು ಫ್ಲ್ಯಾಶ್ ಮತ್ತು ಬ್ಯಾಟರಿಯಲ್ಲಿ ಓಡುವ ಒಂದು ಎಲ್‌ಇಡಿ ತರುತ್ತೇವೆ.

ನಿಮ್ಮ ಡೆಕೊರೇಟರ್ ಮತ್ತು ಲೈಟಿಂಗ್‌ನವರಿಗೆ ಎರಡು ಮಾತು ದಾಟಿಸಿ. ಮುಹೂರ್ತದ ಹೊತ್ತು ವೇದಿಕೆಯ ನೇರಳೆ, ನೀಲಿ ಪಾರ್ ಲೈಟ್ ಆರಿಸಿ ಒಂದೇ ಬಣ್ಣದ ಬಿಳಿ ಬೆಳಕು ಬಿಡಲಿ. ಮುಖದ ಮೇಲೆ ಬಿದ್ದ ನೇರಳೆಯನ್ನು ಎಡಿಟಿಂಗ್‌ನಲ್ಲಿ ತೆಗೆದರೆ ಅರಿಶಿನದ ಬಣ್ಣವೂ ಜೊತೆಗೆ ಹೋಗುತ್ತದೆ. ಎರಡನೆಯದು, ಹಿಂದೆ ಎಲ್‌ಇಡಿ ವಾಲ್ ಇದ್ದರೆ ಫೋಟೊದಲ್ಲಿ ಪಟ್ಟೆ ಬೀಳುತ್ತದೆ. ನಾವು ಸೈಲೆಂಟ್ ಮೋಡ್ ಬಿಟ್ಟು ಮೆಕ್ಯಾನಿಕಲ್ ಶಟರ್‌ನಲ್ಲಿ, ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಹೊಂದುವ 1/100ರ ಆಸುಪಾಸಿನಲ್ಲಿ ತೆಗೆಯುತ್ತೇವೆ. ಆದರೂ ವಾಲ್‌ನ ರಿಫ್ರೆಶ್ ಕಡಿಮೆ ಇದ್ದರೆ ಪಟ್ಟೆ ಉಳಿಯುತ್ತದೆ. ಹಿಂದಿನ ಸಂಜೆ ಹತ್ತು ನಿಮಿಷ ವಾಲ್ ಹಚ್ಚಿಸಿ ನಮಗೆ ತೋರಿಸಿದರೆ ಆಗಲೇ ಹೇಳಿಬಿಡುತ್ತೇವೆ.

ಆರತಕ್ಷತೆಯ ಕ್ಯೂ ಕೂಡ ಲೆಕ್ಕದ ವಿಷಯ. 800 ಅತಿಥಿಗಳು ನಾಲ್ಕು ನಾಲ್ಕು ಜನರಾಗಿ ವೇದಿಕೆ ಹತ್ತಿದರೆ 200 ಗುಂಪು. ಗುಂಪಿಗೆ 25 ಸೆಕೆಂಡ್ ಎಂದರೂ 83 ನಿಮಿಷ. ಹತ್ತಲು ಒಂದು ಕಡೆ, ಇಳಿಯಲು ಇನ್ನೊಂದು ಕಡೆ ಮೆಟ್ಟಿಲು ಇಲ್ಲದಿದ್ದರೆ ಇದು ಎರಡು ಗಂಟೆ ದಾಟುತ್ತದೆ, ಊಟದ ಹಾಲ್ ಖಾಲಿಯಾದರೂ ವಧು ವರರು ನಿಂತೇ ಇರುತ್ತಾರೆ.

ದರ ಹೀಗಿದೆ. 10 ಗಂಟೆಯ ದಿನಕ್ಕೆ ಕ್ಯಾಂಡಿಡ್ ಒಬ್ಬರಿಗೆ ₹14,000, ಸಿನಿಮ್ಯಾಟಿಕ್ ವಿಡಿಯೊ ₹15,000, ಸಾಂಪ್ರದಾಯಿಕ ಫೋಟೊ ₹7,000, ಸಾಂಪ್ರದಾಯಿಕ ವಿಡಿಯೊ ₹8,000. ಐದೂ ಜನ ಸೇರಿ ₹58,000. ಹಿಂದಿನ ಸಂಜೆಯ ಐದು ಗಂಟೆಯ ಆರತಕ್ಷತೆಗೆ ಇದರ ಶೇ. 60, ಅಂದರೆ ₹34,800. ಸಂಜೆ ಆರತಕ್ಷತೆ, ಮರುದಿನ ಮುಹೂರ್ತ ಎರಡೂ ಸೇರಿದರೆ ₹92,800. ಹೆಚ್ಚುವರಿ ಗಂಟೆಗೆ ಒಬ್ಬರಿಗೆ ₹1,000. ಸೀಸನ್‌ಗೆ ಕನಿಷ್ಠ 16 ದಿನ ಕಾಯ್ದಿರಿಸಿದರೆ ಒಟ್ಟು ಮೊತ್ತದಲ್ಲಿ ಶೇ. 10 ಕಡಿಮೆ ಮಾಡುತ್ತೇನೆ, ಆ ದಿನಾಂಕಗಳನ್ನು ಬೇರೆ ಯಾರಿಗೂ ಕೊಡುವುದಿಲ್ಲ. 20 ದಿನ ಮೊದಲು ತಿಳಿಸಿದರೆ ದಿನಾಂಕ ಬಿಟ್ಟುಕೊಡಲು ಶುಲ್ಕವಿಲ್ಲ, ಆಮೇಲೆ ಶೇ. 25. ಸೂತಕದಿಂದ ಮದುವೆ ಮುಂದೆ ಹೋದರೆ ಈ ಶೇ. 25 ಅನ್ವಯಿಸದು, ಹೊಸ ದಿನಕ್ಕೆ ನಾವು ಖಾಲಿ ಇದ್ದರೆ ಅದೇ ದರದಲ್ಲಿ ಬರುತ್ತೇವೆ.

ಸಾಮಾನ್ಯವಾಗಿ ಮುಂಗಡ ಶೇ. 25, ಬಾಕಿ ಡೇಟಾ ಕೈಸೇರಿದ 7 ದಿನದೊಳಗೆ. ಮದುವೆ ಮನೆಯವರಿಂದ ನಿಮಗೆ ದುಡ್ಡು ಬರುವುದು ತಡವಾಗಬಹುದು, ಅರ್ಥವಾಗುತ್ತದೆ. ಆದರೆ ನನ್ನ ಹುಡುಗರಿಗೆ ಅದೇ ವಾರ ಕೊಡಬೇಕಾಗುತ್ತದೆ, ಹಾಗಾಗಿ ಈ 7 ದಿನದಲ್ಲಿ ಹೆಚ್ಚು ಸಡಿಲಿಕೆ ಇಲ್ಲ. ಟಿಡಿಎಸ್ ಹಿಡಿದರೆ ಪ್ಯಾನ್ ಕೊಡುತ್ತೇನೆ, ಪ್ರಮಾಣಪತ್ರ ಸಮಯಕ್ಕೆ ಕಳಿಸಿ. ನಾನು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಆದ್ದರಿಂದ ಬಿಲ್‌ನಲ್ಲಿ ಜಿಎಸ್‌ಟಿ ಇರುವುದಿಲ್ಲ.

ಮಾಡದ ಕೆಲಸಗಳನ್ನೂ ಹೇಳಿಬಿಡುತ್ತೇನೆ. ಆಲ್ಬಂ ಡಿಸೈನ್, ಪ್ರಿಂಟಿಂಗ್ ಇಲ್ಲ. ಫೋಟೊ ಆಯ್ಕೆ ಬೇಕಾದರೆ ಒಂದು ಕಾರ್ಯಕ್ಕೆ ₹3,000, ಐದು ದಿನ ಬೇಕು. ಡ್ರೋನ್ ನಮ್ಮಲ್ಲಿಲ್ಲ. ಪ್ರಮಾಣಪತ್ರ ಇರುವ ಪೈಲಟ್‌ನನ್ನು ಕರೆತರಬಹುದು, ಆದರೆ ನಂಜನಗೂಡು ರಸ್ತೆಯ ಛತ್ರ, ರೆಸಾರ್ಟ್‌ಗಳು ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಹತ್ತಿರ. ಡಿಜಿಟಲ್ ಸ್ಕೈ ನಕ್ಷೆ ನೋಡಿ, ಅನುಮತಿಯ ವಿಷಯ ಇತ್ಯರ್ಥವಾಗುವ ಮೊದಲು ವಧುವಿನ ಮನೆಯವರಿಗೆ ಡ್ರೋನ್ ಶಾಟ್ ಇದೆ ಎಂದು ಮಾತು ಕೊಡಬೇಡಿ.

ಈ ಮೇಲ್ ಜೊತೆ 12 ಪುಟದ ಪಿಡಿಎಫ್ ಇದೆ. ಆದರೆ ಆರಿಸಿ ಆರಿಸಿ ಇಟ್ಟ ಇಪ್ಪತ್ತು ಫೋಟೊ ಯಾರ ಬಳಿಯಾದರೂ ಚೆನ್ನಾಗಿಯೇ ಇರುತ್ತವೆ. ಅದಕ್ಕಿಂತ ಒಂದು ಮುಹೂರ್ತದ 400 ಫೋಟೊ, ಎಡಿಟ್ ಮಾಡದೆ, ತಪ್ಪುಗಳ ಸಮೇತ ನೋಡುವುದು ಒಳ್ಳೆಯದು. ಕೇಳಿದರೆ ಅದರ ಲಿಂಕ್ ಕಳಿಸುತ್ತೇನೆ, ಆ ಕುಟುಂಬದ ಒಪ್ಪಿಗೆ ಪಡೆದಿದ್ದೇನೆ.

ಪುಕ್ಕಟೆ ಟ್ರಯಲ್ ಮಾಡುವುದಿಲ್ಲ. ಬದಲಿಗೆ ನಿಮ್ಮೊಂದಿಗಿನ ಮೊದಲ ಕೆಲಸಕ್ಕೆ ಮುಂಗಡ ತೆಗೆದುಕೊಳ್ಳುವುದಿಲ್ಲ. ಡೇಟಾ ನೋಡಿದ ಮೇಲೆ ದುಡ್ಡು ಕೊಡಿ. ಎರಡೂ ಕಡೆಯ ಗುಂಪು ಫೋಟೊಗಳ ಪಟ್ಟಿಯನ್ನು ಮೂರು ದಿನ ಮೊದಲು, ಕರೆದು ನಿಲ್ಲಿಸಲು ಎರಡೂ ಮನೆಯಿಂದ ಒಬ್ಬೊಬ್ಬರ ಹೆಸರಿನ ಸಮೇತ ಕಳಿಸಿ. ಆ ಪಟ್ಟಿಯಲ್ಲಿದ್ದು, ಕರೆದಾಗ ಬಂದು ನಿಂತ ಯಾವ ಗುಂಪಾದರೂ ತಪ್ಪಿಹೋಗಿದ್ದರೆ ಸಾಂಪ್ರದಾಯಿಕ ಫೋಟೊದ ₹7,000 ಕೊಡಬೇಕಿಲ್ಲ.

ಶನಿವಾರ, ಭಾನುವಾರ ನಿಮಗೂ ನಮಗೂ ಪುರುಸೊತ್ತಿಲ್ಲ. ಮಂಗಳವಾರ ಅಥವಾ ಬುಧವಾರ ಮಧ್ಯಾಹ್ನ 3ರಿಂದ 5ರೊಳಗೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದೇ? ಯಾವ ಹೊತ್ತು ಅನುಕೂಲ, ಯಾವ ನಂಬರಿಗೆ ಕರೆ ಮಾಡಲಿ ಎಂದು ಇದೇ ಮೇಲ್‌ಗೆ ಒಂದು ಸಾಲು ಬರೆದರೆ ಸಾಕು. ಮೈಸೂರು ಕಡೆ ನವೆಂಬರ್‌ನಲ್ಲಿ ಈಗಾಗಲೇ ಒಪ್ಪಿಕೊಂಡ ದಿನಾಂಕಗಳಿದ್ದರೆ ಜೊತೆಗೇ ಕಳಿಸಿ, ಖಾಲಿ ಇವೆಯೇ ಎಂದು ಅಂದೇ ತಿಳಿಸುತ್ತೇನೆ.

ವಂದನೆಗಳು,
ಹರೀಶ್
ಮದುವೆ ಫೋಟೊ ಮತ್ತು ವಿಡಿಯೊ, ಮೈಸೂರು