ಎಲ್ಲಾ ಚೆನ್ನಾಗಿದೆ ಅಂತ ಬರೆಯಬೇಡ

ಪ್ರೀತಿಯ ಸುಮಾ,

ನಿನ್ನ ಮೂರು ಪತ್ರ ಒಟ್ಟಿಗೇ ಬಂದವು. ಮುಂಬೈಯ ಫ್ಲೀಟ್ ಮೇಲ್ ಆಫೀಸಿನಲ್ಲಿ ಗಂಟು ಕಟ್ಟಿ ಇಟ್ಟಿದ್ದವು, ನಾವು ಬಂದರಿಗೆ ಹೋದ ದಿನ ಹಡಗು ಹತ್ತಿದವು. ಯಾವುದು ಮೊದಲು ಬರೆದದ್ದು ಅಂತ ತಿಳಿಯದೆ ಕೊನೆಯದನ್ನೇ ಮೊದಲು ಓದಿಬಿಟ್ಟೆ, ಅದರಲ್ಲಿ "ಕರಿ ಹಸು ಈಗ ಪರವಾಗಿಲ್ಲ" ಅಂತಿತ್ತು. ಹಸುವಿಗೆ ಏನಾಗಿತ್ತು ಅಂತ ಗೊತ್ತಾಗಲು ಇನ್ನೆರಡು ಕವರ್ ಒಡೆಯಬೇಕಾಯ್ತು. ಇನ್ನು ಮೇಲೆ ಕವರಿನ ಮೂಲೆಯಲ್ಲಿ ಒಂದು, ಎರಡು ಅಂತ ನಂಬರ್ ಹಾಕು.

ಮೊದಲು ಬೇಸರದ ವಿಷಯ ಹೇಳಿ ಮುಗಿಸುತ್ತೇನೆ. ದೀಪಾವಳಿಗೆ ಬರುವುದಿಲ್ಲ. ನಮ್ಮ ಜಾಗಕ್ಕೆ ಬರಬೇಕಾದ ಹಡಗು ಇನ್ನೂ ಹೊರಟಿಲ್ಲ, ಅದು ಬರುವ ತನಕ ನಾವು ಇಲ್ಲೇ. ಹೋದ ಸಲ ಫೋನಿನಲ್ಲಿ ನೀನು "ಯಾವಾಗ ಬರ್ತೀರಾ" ಅಂತ ಕೇಳಿದಾಗ "ಗೊತ್ತಿಲ್ಲ" ಅಂದು ಇಟ್ಟುಬಿಟ್ಟೆನಲ್ಲ, ಆಗಲೇ ಈ ಸುದ್ದಿ ಓಡಾಡುತ್ತಿತ್ತು. ಹಡಗಿನ ಫೋನಿಗೆ ಒಬ್ಬೊಬ್ಬರಿಗೆ ಕೆಲವೇ ನಿಮಿಷ, ಹಿಂದೆ ಹನ್ನೊಂದು ಜನ ಸಾಲು ನಿಂತಿದ್ದರು, ಅವರ ಮುಂದೆ ನನ್ನ ಗಂಟಲು ಕಟ್ಟಿದ್ದು ತೋರಿಸುವುದು ಬೇಡ ಅಂತ ಇಟ್ಟೆ. ಸಿಟ್ಟಲ್ಲ ಕಣೇ. ನೀನು ಸಿಟ್ಟು ಅಂದುಕೊಂಡಿರುತ್ತೀಯ, ನನಗೆ ಗೊತ್ತು.

ಈಗ ನನ್ನ ಸರದಿ. ಮೂರೂ ಪತ್ರದಲ್ಲಿ "ಮಾವ ಚೆನ್ನಾಗಿದ್ದಾರೆ" ಅಂತ ಬರೆದಿದ್ದೀಯ. ಅದೇ ಗಂಟಿನಲ್ಲಿ ತಮ್ಮನದೂ ಒಂದು ಪತ್ರ ಇತ್ತು. ಅಪ್ಪ ಹೊಲದ ಬದುವಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದು, ತಮ್ಮ ಊರಲ್ಲಿ ಇಲ್ಲದ್ದಕ್ಕೆ ನೀನೇ ರಾತ್ರಿ ಸ್ಕೂಟಿಯಲ್ಲಿ ಕೂರಿಸಿಕೊಂಡು ದುರ್ಗಕ್ಕೆ ಕರೆದುಕೊಂಡು ಹೋಗಿದ್ದು, ಬೆಳಗಿನ ಜಾವ ಪಟ್ಟಿ ಹಾಕಿಸಿಕೊಂಡು ವಾಪಸ್ ಬಂದಿದ್ದು, ಎಲ್ಲಾ ಅವನೇ ಬರೆದಿದ್ದಾನೆ. ನೀನು ಮಾತ್ರ ಹಸುವಿನ ಬಗ್ಗೆ ಒಂದು ಪುಟ ಬರೆದು, ಅಪ್ಪನ ಬಗ್ಗೆ ಒಂದೇ ಸಾಲು ಬರೆದಿದ್ದೀಯ.

ಯಾಕೆ ಹೇಳಲಿಲ್ಲ ಅಂತ ಕೇಳುವುದಿಲ್ಲ, ಕಾರಣ ಗೊತ್ತು. ಆದರೆ ಒಂದು ಹೇಳುತ್ತೇನೆ ಕೇಳು. ತಮ್ಮನ ಪತ್ರ ಓದಿದ ಮೇಲೆ ನಿನ್ನ ಮೂರು ಪತ್ರ ಮತ್ತೆ ತೆಗೆದು ಓದಿದೆ, ಈ ಸಲ ಒಂದು ಸಾಲನ್ನೂ ನಂಬಲಾಗಲಿಲ್ಲ. "ಅತ್ತೆ ಆರಾಮಾಗಿದ್ದಾರೆ" ಅಂದರೆ ಅವ್ವನಿಗೆ ಏನೋ ಆಗಿದೆ ಅನ್ನಿಸಿತು. "ನಾನು ಚೆನ್ನಾಗಿ ಊಟ ಮಾಡ್ತಿದ್ದೀನಿ" ಅಂದರೆ ನೀನು ಇಳಿದುಹೋಗಿದ್ದೀಯ ಅನ್ನಿಸಿತು. ನಡುರಾತ್ರಿಯ ವಾಚಿನಲ್ಲಿ ನಾಲ್ಕು ಗಂಟೆ ನಿಂತು ಇದನ್ನೇ ಯೋಚಿಸಿದ್ದು. ಕೆಟ್ಟ ಸುದ್ದಿ ಗೊತ್ತಿದ್ದರೆ ಅದೊಂದೇ ಚಿಂತೆ. ಗೊತ್ತಿಲ್ಲದಿದ್ದರೆ ನೂರು.

ನಾನೂ ಸಾಚಾ ಅಲ್ಲ, ಬಿಡು. ಜುಲೈನಲ್ಲಿ ಸಮುದ್ರ ತುಂಬಾ ಎದ್ದಿತ್ತು, ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಹಾಗೇ. ಹಡಗು ಎತ್ತಿನ ಗಾಡಿ ಹಳ್ಳಕ್ಕೆ ಇಳಿದ ಹಾಗೆ ದಡ್ ಅಂತ ಬೀಳುತ್ತಿತ್ತು. ಕಬ್ಬಿಣದ ಏಣಿಯಲ್ಲಿ ಕಾಲು ಜಾರಿ ಗಲ್ಲ ಒಡೆಯಿತು, ನಾಲ್ಕು ಹೊಲಿಗೆ. ಅದೇ ವಾರದ ಪತ್ರದಲ್ಲಿ ನಿನಗೆ "ಸಮುದ್ರ ಶಾಂತವಾಗಿದೆ, ಡಾಲ್ಫಿನ್ ನೋಡಿದೆ" ಅಂತ ಬರೆದಿದ್ದೆ. ಡಾಲ್ಫಿನ್ ನೋಡಿದ್ದು ನಿಜ, ಅದಕ್ಕಿಂತ ಹದಿನೈದು ದಿನ ಮೊದಲು.

ಇಲ್ಲಿ ಏನು ಮಾಡುತ್ತೇನೆ ಅಂತ ಕೇಳಿದ್ದೀಯ. ನಿಂತು ನೋಡುವುದು. ಅಷ್ಟೇ, ನಿಜವಾಗಲೂ. ಲುಕ್‌ಔಟ್ ಡ್ಯೂಟಿಯಲ್ಲಿ ದುರ್ಬೀನು ಹಿಡಿದು ನೋಡುತ್ತಿರಬೇಕು, ಏನಾದರೂ ಕಂಡರೆ ಬ್ರಿಡ್ಜಿಗೆ ಕೂಗಿ ಹೇಳಬೇಕು. ಎಡಗಡೆ ಅಂದರೆ ರೆಡ್, ಬಲಗಡೆ ಅಂದರೆ ಗ್ರೀನ್, ಆಮೇಲೆ ಎಷ್ಟು ಡಿಗ್ರಿ ಅಂತ. "ರೆಡ್ ಫೋರ್ ಫೈವ್" ಅಂದರೆ ಮೂತಿಯಿಂದ ಎಡಕ್ಕೆ ನಲವತ್ತೈದು. ಹೆಚ್ಚಿನ ಸಲ ಅದು ಬಡಪಾಯಿ ಮೀನುಗಾರರ ದೋಣಿ. ನಾಲ್ಕು ಗಂಟೆಗೊಂದು ವಾಚು, ಸಂಜೆ ಮಾತ್ರ ಎರಡೆರಡು ಗಂಟೆಯವು ಎರಡು, ಅದನ್ನು ಡಾಗ್ ವಾಚ್ ಅನ್ನುತ್ತಾರೆ. ಹಾಗೆ ಮಾಡದಿದ್ದರೆ ನಡುರಾತ್ರಿ ಎದ್ದವನೇ ದಿನಾ ನಡುರಾತ್ರಿ ಏಳಬೇಕಾಗುತ್ತೆ. ಇದನ್ನು ಯೋಚಿಸಿದವನು ಹೆಂಡತಿ ಮಕ್ಕಳಿರುವವನೇ ಇರಬೇಕು.

ಎಲ್ಲಿದ್ದೀವಿ ಅಂತ ಬರೆಯುವ ಹಾಗಿಲ್ಲ. 2008ರಿಂದ ಏಡನ್ ಕೊಲ್ಲಿಯಲ್ಲಿ ನಮ್ಮ ನೌಕಾಪಡೆಯ ಹಡಗು ಗಸ್ತು ತಿರುಗುತ್ತಿದೆ ಅಂತ ಟಿವಿಯಲ್ಲಿ ಬಂದಿದ್ದನ್ನು ನೋಡಿ ನೀನು "ಅಲ್ಲೇ ಇದ್ದೀರಾ" ಅಂತ ಕೇಳಿದ್ದೀಯ. ಹೌದು ಅನ್ನೋಲ್ಲ, ಇಲ್ಲ ಅಂತಲೂ ಅನ್ನೋಲ್ಲ. ಹಡಗಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ್ದಾರೆ. ನಿಮ್ಮಪ್ಪ ಮದುವೆಯಲ್ಲಿ ಕೊಟ್ಟ ವಾಚನ್ನು ಮಾತ್ರ ನಾನು ಮುಟ್ಟಿಲ್ಲ, ಅದರಲ್ಲಿ ಇನ್ನೂ ನಮ್ಮೂರಿನ ಟೈಮೇ ಇದೆ. ಡೈರಿಗೆ ಹಾಲು ಹಾಕುವ ಹೊತ್ತಾಯ್ತು, ಈಗ ಹಿಟ್ಟು ಕುದಿಯೋಕೆ ಇಟ್ಟಿರುತ್ತಾಳೆ, ಹೀಗೆ ನೋಡುತ್ತಿರುತ್ತೇನೆ.

ನೀರಿನ ಕಥೆ ಕೇಳಿದರೆ ನಗುತ್ತೀಯ. ಸಮುದ್ರದ ನೀರಿನ ಉಪ್ಪು ತೆಗೆಯುವ ಯಂತ್ರ ಹೋದ ತಿಂಗಳು ಕೈಕೊಟ್ಟು, ನಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಮಾತ್ರ ಬಿಡುತ್ತಿದ್ದರು. ಮೆಸ್ಸಿನಲ್ಲಿ ಕೇರಳದವನು, ಬಂಗಾಳದವನು ಎಲ್ಲಾ ಒದ್ದಾಡುತ್ತಿದ್ದರು. ಬೋರ್‌ವೆಲ್ ಬತ್ತಿದ ಊರಿನವನಿಗೆ ಅರ್ಧ ಬಕೆಟ್ ಸ್ನಾನ ಹೊಸದಾ? ಸ್ನಾನ ಮಾಡಿ ಉಳಿದದ್ದರಲ್ಲಿ ಬನಿಯನ್ ಒಗೆದು ತೋರಿಸಿದೆ. ಎಲ್ಲರೂ ಬಾಯಿಬಿಟ್ಟು ನೋಡಿದರು.

2022ರಲ್ಲಿ ಮಾರಿಕಣಿವೆ ಕೋಡಿ ಬಿದ್ದಾಗ ಎರಡೂ ಮನೆಯವರು ನೋಡೋಕೆ ಹೋಗಿದ್ದೆವಲ್ಲ, ಆಗಿನ್ನೂ ಮಾತುಕತೆ ನಡೆಯುತ್ತಿತ್ತು. 1933 ಆದಮೇಲೆ ಇದೇ ಮೊದಲು ಅಂತ ನಿಮ್ಮಜ್ಜ ಎಲ್ಲರಿಗೂ ಹೇಳುತ್ತಿದ್ದರು. ನೀನು ನನ್ನ ಜೊತೆ ಆಡಿದ ಮೊದಲ ಮಾತು, "ಸಮುದ್ರನೂ ಹೀಗೇ ಇರುತ್ತಾ?" ಸುಮ್ನೆ "ಇದಕ್ಕಿಂತ ದೊಡ್ಡದು" ಅಂದಿದ್ದೆ. ತಪ್ಪು ಉತ್ತರ. ಅವತ್ತು ಅಲ್ಲಿ ನೀರು ಕಂಡು ಜನ ಕುಣಿದರು, ಬಾಗಿನ ಕೊಡೋಣ ಅಂದರು. ಇಲ್ಲಿ ನೀರು ನೋಡಿ ಯಾರೂ ಏನೂ ಅನ್ನುವುದಿಲ್ಲ. ತಿಂಗಳುಗಟ್ಟಲೆ ನೋಡಿದ ಮೇಲೆ ನಮ್ಮ ಹೊಲದ ಒಣ ಕರಿಮಣ್ಣಿನ ಬಿರುಕು ಕನಸಿನಲ್ಲಿ ಬರುತ್ತೆ. ರಾತ್ರಿ ಮಾತ್ರ ಕೆಲವು ಸಲ ಹಡಗು ಸೀಳಿದ ನೀರು ಮಿಣುಕುಹುಳದ ಹಾಗೆ ಹೊಳೆಯುತ್ತೆ, ಅದನ್ನು ನಿನಗೆ ತೋರಿಸಬೇಕು ಅನ್ನಿಸುತ್ತೆ.

ನೀನು ಕೊಟ್ಟ ಶೇಂಗಾ ಚಟ್ನಿಪುಡಿ ಖಾಲಿಯಾಗಿ ಬಹಳ ದಿನ ಆಯ್ತು. ಡಬ್ಬ ತೊಳೆದಿಲ್ಲ, ಮುಚ್ಚಳ ತೆಗೆದರೆ ಇನ್ನೂ ಬೆಳ್ಳುಳ್ಳಿ ವಾಸನೆ ಬರುತ್ತೆ. ಕೆಳಗಿನ ಬಂಕಿನವನು ಬೈಯುತ್ತಾನೆ.

ಉತ್ತರದಲ್ಲಿ ಇಷ್ಟು ಬರೆ. ಅಪ್ಪನ ಕೈ ಬೆರಳು ಮಡಚಲು ಬರುತ್ತಾ? ಆಸ್ಪತ್ರೆಗೆ ಎಷ್ಟಾಯ್ತು, ಯಾರ ಹತ್ತಿರ ಇಸಕೊಂಡೆ? ನಿನ್ನ ಸರ ಕೊರಳಲ್ಲೇ ಇದೆಯಾ? ಈರುಳ್ಳಿ ಕಿತ್ತಾಯ್ತಾ, ಆಳು ಸಿಕ್ಕರಾ? ರಾತ್ರಿ ನಿದ್ದೆ ಬರುತ್ತಾ? ಎಲ್ಲಾ ಚೆನ್ನಾಗಿದೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದರೆ ಆ ಪತ್ರ ವಾಪಸ್ ಕಳಿಸುತ್ತೇನೆ.

ಆ ರಾತ್ರಿ ಸ್ಕೂಟಿ ಓಡಿಸುವಾಗ ಹೈವೇಯಲ್ಲಿ ಲಾರಿಗಳ ಮಧ್ಯೆ ಹೆದರಿಕೆ ಆಯ್ತಾ? ಅದನ್ನೂ ಬರೆ.

ನಿನ್ನ
ಮಂಜು

ಮರೆತಿದ್ದೆ. ಗಲ್ಲದ ಹೊಲಿಗೆ ಹಾಕಿದ ಜಾಗದಲ್ಲಿ ಗಡ್ಡ ಬರುತ್ತಿಲ್ಲ, ಗೆರೆ ಹಾಗೇ ಕಾಣುತ್ತೆ. ಇದನ್ನು ಅವ್ವನಿಗೆ ಮಾತ್ರ ಹೇಳಬೇಡ.