ಗುರುವಾರ ನೀರು ಬಂದ್: ವಾಲ್ವ್ ಬದಲಾವಣೆ

ಎಲ್ಲ ಮನೆಯವರಿಗೆ ನಮಸ್ಕಾರ,

ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಮೇನ್ ಪೈಪಿನ 2 ಇಂಚಿನ ಗೇಟ್ ವಾಲ್ವ್ ಸವೆದಿದೆ. ಚಕ್ರ ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚುತ್ತಿಲ್ಲ. ಕೆಳಗಿಟ್ಟ ಬಕೆಟ್ ರಾತ್ರಿ ಕಳೆಯುವುದರೊಳಗೆ ತುಂಬುತ್ತಿದೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ನೀರಿಗೆ ನಾವು ಕಾಯುವುದು ನೋಡಿದರೆ, ಇದನ್ನು ಸುಮ್ನೆ ಬಿಡುವ ಹಾಗಿಲ್ಲ ಅಲ್ವಾ?

ಗುರುವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಎ ಮತ್ತು ಬಿ ಬ್ಲಾಕಿಗೆ ನೀರು ಇರುವುದಿಲ್ಲ. ಹಳೇ ಪೈಪಿನ ತಿರುಪು ಬಿಗಿದಿದ್ದರೆ ಇನ್ನೊಂದು ತಾಸು ಜಾಸ್ತಿ ಹಿಡಿಯಬಹುದು.

ಬುಧವಾರ ರಾತ್ರಿಯೇ ಕುಡಿಯುವ ನೀರು ಹಿಡಿದಿಡಿ. ಬಚ್ಚಲಿಗೆ ಎರಡು ಬಕೆಟ್ ಸಾಕು, ಬ್ಯಾರಲ್‌ಗಟ್ಟಲೆ ತುಂಬಿದರೆ ಮೇಲಿನ ಮನೆಯವರಿಗೆ ಸಿಗುವುದಿಲ್ಲ. ಗೀಸರ್, ವಾಷಿಂಗ್ ಮಷಿನ್ ಆಫ್ ಮಾಡಿ. ಹೊರಗೆ ಹೋಗುವವರು ನಳ ಎಲ್ಲ ಬಂದ್ ಇದೆಯೇ ಎಂದು ಕೈಯಿಂದ ತಿರುಗಿಸಿ ನೋಡಿ. ನೀರಿಲ್ಲದಾಗ ತೆರೆದ ನಳವನ್ನು ಹಾಗೇ ಮರೆತು ಹೋಗುವುದು ಹೆಚ್ಚು.

ನೀರು ಬಂದ ಮೇಲೆ ಮೊದಲು ಬಚ್ಚಲಿನ ನಳವನ್ನು ನಿಧಾನಕ್ಕೆ ತೆರೆಯಿರಿ. ಗಾಳಿ ಬುಸುಗುಟ್ಟುತ್ತದೆ, ಕಂದು ನೀರು ಬರುತ್ತದೆ, ಗಾಬರಿ ಬೇಡ. ಅದನ್ನು ಬಕೆಟಿಗೆ ಹಿಡಿದು ಸಂಡಾಸಿಗೆ ಬಳಸಿ. ತಿಳಿಯಾದ ಮೇಲೆಯೇ ಫಿಲ್ಟರ್ ಹಚ್ಚಿ. ಬಿಸಿನೀರಿನ ನಳದಲ್ಲಿ ನೀರು ಸರಿಯಾಗಿ ಬರುವ ತನಕ ಗೀಸರ್ ಆನ್ ಮಾಡಬೇಡಿ, ಕಾಯಿಲ್ ಸುಟ್ಟೀತು. ಧಾರೆ ಸಣ್ಣದಾಗಿದ್ದರೆ ನಳದ ತುದಿಯ ಜಾಲರಿ ಬಿಚ್ಚಿ ತೊಳೆಯಿರಿ.

ವಯಸ್ಸಾದವರು, ಬಾಣಂತಿ ಇರುವ ಮನೆಯವರು ಬುಧವಾರ ಸಂಜೆಯೊಳಗೆ ಗೇಟಿನ ರೂಮಿಗೆ ಹೇಳಿ ಕಳಿಸಿ. ಎರಡು ಕೊಡ ನೀರು ಬಾಗಿಲಿಗೇ ತಂದಿಡುತ್ತೇವೆ.

ಸೂಪರ್‌ವೈಸರ್